ಟಿ-ಬೀಮ್: ಫ್ಲ್ಯಾಂಜ್ ಎಷ್ಟು ಅಗಲ, ನ್ಯೂಟ್ರಲ್ ಆಕ್ಸಿಸ್ ಎಲ್ಲಿ?

ಮಹಡಿಯ ಬೀಮ್ ಮತ್ತು ಸ್ಲ್ಯಾಬ್‌ಗೆ ಒಟ್ಟಿಗೇ ಕಾಂಕ್ರೀಟ್ ಹಾಕಿದರೆ ಅವು ಬೇರೆ ಬೇರೆಯಾಗಿ ಉಳಿಯುವುದಿಲ್ಲ. ಭಾರ ಬಿದ್ದು ಬೀಮ್ ಕೆಳಕ್ಕೆ ಬಾಗಿದಾಗ ಅದರ ತಲೆಯ ಭಾಗ ಕಂಪ್ರೆಶನ್‌ಗೆ ಒಳಗಾಗಿ ಕುಗ್ಗುತ್ತದೆ. ಎರಡೂ ಪಕ್ಕದ ಸ್ಲ್ಯಾಬ್ ಬೀಮಿಗೆ ಅಂಟಿಕೊಂಡೇ ಇರುವುದರಿಂದ ಅದೂ ಕುಗ್ಗಲೇಬೇಕು. ಹೀಗೆ ಬೀಮಿನ ಜೊತೆ ದುಡಿಯುವ ಸ್ಲ್ಯಾಬ್ ಪಟ್ಟಿಗೆ ಫ್ಲ್ಯಾಂಜ್ ಎಂದೂ, ಅದರ ಕೆಳಗೆ ಇಳಿದ ಭಾಗಕ್ಕೆ ವೆಬ್ ಎಂದೂ ಹೆಸರು. ಲೆಕ್ಕಕ್ಕೆ ಕೂತಾಗ ಎರಡು ಪ್ರಶ್ನೆ ಎದುರಾಗುತ್ತವೆ. ಸ್ಲ್ಯಾಬಿನ ಎಷ್ಟು ಅಗಲವನ್ನು ಬೀಮಿನ ಪಾಲಿಗೆ ಸೇರಿಸಬಹುದು? ಕಂಪ್ರೆಶನ್ ಮುಗಿದು ಟೆನ್ಷನ್ ಶುರುವಾಗುವ ಗೆರೆ, ಅಂದರೆ ನ್ಯೂಟ್ರಲ್ ಆಕ್ಸಿಸ್, ಫ್ಲ್ಯಾಂಜಿನೊಳಗೇ ನಿಲ್ಲುತ್ತದೋ ಅಥವಾ ವೆಬ್‌ಗೆ ಇಳಿಯುತ್ತದೋ?

ಪಠ್ಯಪುಸ್ತಕಗಳು ಈ ಎರಡಕ್ಕೂ ಸೂತ್ರ ಕೊಟ್ಟು ಮುಂದೆ ಹೋಗುತ್ತವೆ. ಆದರೆ ಯಾವ ಉತ್ತರ ಎಲ್ಲಿ ನಿಜವಾಗಿ ಮುಖ್ಯ, ಎಲ್ಲಿ ಅಷ್ಟೇನೂ ಅಲ್ಲ ಎಂಬುದು ಒಂದು ಬೀಮನ್ನು ಅಂಕಿಗಳ ಸಮೇತ ಕೊನೆತನಕ ನೋಡಿದಾಗ ಮಾತ್ರ ತಿಳಿಯುತ್ತದೆ. ಇಲ್ಲಿನ ಲೆಕ್ಕವೆಲ್ಲ ಐಎಸ್ 456:2000ರ ಲಿಮಿಟ್ ಸ್ಟೇಟ್ ವಿಧಾನದ್ದು. ಕಾಂಕ್ರೀಟ್ ಎಂ-25, ಕಂಬಿ ಎಫ್ಇ-500.

ಅಗಲಕ್ಕೆ ಮಿತಿ ಏಕೆ

ಬೀಮುಗಳು ಮೂರು ಮೀಟರ್ ಅಂತರದಲ್ಲಿದ್ದರೆ ಮೂರು ಮೀಟರ್ ಸ್ಲ್ಯಾಬನ್ನೂ ಫ್ಲ್ಯಾಂಜ್ ಎಂದು ಏಕೆ ತೆಗೆದುಕೊಳ್ಳಬಾರದು? ಕಂಪ್ರೆಶನ್ ಬಲ ಸ್ಲ್ಯಾಬಿಗೆ ತಾನಾಗಿ ಬರುವುದಿಲ್ಲ. ಅದು ವೆಬ್‌ನಿಂದ ಹೊರಟು, ವೆಬ್ ಮತ್ತು ಸ್ಲ್ಯಾಬ್ ಕೂಡುವ ಗೆರೆಯ ಮೇಲಿನ ಶಿಯರ್ ಮೂಲಕ ಪಕ್ಕಕ್ಕೆ ಹರಿಯಬೇಕು. ಹಾಗೆ ಹರಿಯುವಾಗ ಸ್ಲ್ಯಾಬ್ ತನ್ನ ಸಮತಲದಲ್ಲೇ ಸ್ವಲ್ಪ ಓರೆಯಾಗುತ್ತದೆ, ದೂರದ ಭಾಗ ಹಿಂದೆ ಉಳಿಯುತ್ತದೆ. ಹಾಗಾಗಿ ವೆಬ್ ಮೇಲೆ ಸ್ಟ್ರೆಸ್ ಗರಿಷ್ಠ, ಎರಡು ಬೀಮುಗಳ ನಡುವಿನ ಗೆರೆಯಲ್ಲಿ ಕನಿಷ್ಠ. ಇದಕ್ಕೆ ಶಿಯರ್ ಲ್ಯಾಗ್ ಎನ್ನುತ್ತಾರೆ.

ಏರುಪೇರಾದ ಈ ಸ್ಟ್ರೆಸ್ ಇಟ್ಟುಕೊಂಡು ಪ್ರತಿ ಬೀಮಿಗೂ ಲೆಕ್ಕ ಮಾಡುತ್ತ ಕೂರಲು ಆಗುವುದಿಲ್ಲ. ಅದಕ್ಕೇ ಒಂದು ಉಪಾಯ: ಒಟ್ಟು ಬಲ ಅಷ್ಟೇ ಇರುವಂತೆ, ಗರಿಷ್ಠ ಸ್ಟ್ರೆಸ್ ಸಮನಾಗಿ ಹರಡಿರುವ ಕಿರಿದಾದ ಒಂದು ಪಟ್ಟಿಯನ್ನು ಕಲ್ಪಿಸಿಕೊಳ್ಳುವುದು. ಆ ಪಟ್ಟಿಯ ಅಗಲವೇ ಪರಿಣಾಮಕಾರಿ ಅಗಲ, `bf`. ಅದರಾಚೆಗಿನ ಸ್ಲ್ಯಾಬ್ ದುಡಿಯುವುದೇ ಇಲ್ಲ ಎಂದಲ್ಲ. ಅದರ ದುಡಿಮೆಯೂ ಈ ಪಟ್ಟಿಯ ಲೆಕ್ಕದೊಳಗೇ ಸೇರಿಹೋಗಿದೆ.

ಐಎಸ್ 456ರ ಸೂತ್ರಗಳು ಇವು:

```
T-beam :  bf = lo/6  + bw + 6 Df
L-beam :  bf = lo/12 + bw + 3 Df
```

`bw` ವೆಬ್ಬಿನ ಅಗಲ, `Df` ಸ್ಲ್ಯಾಬಿನ ದಪ್ಪ. `lo` ಎಂದರೆ ಮೊಮೆಂಟ್ ಸೊನ್ನೆಯಾಗುವ ಎರಡು ಬಿಂದುಗಳ ನಡುವಿನ ದೂರ. ಸರಳವಾಗಿ ಆಧರಿಸಿದ ಬೀಮಿಗೆ ಅದು ಪೂರ್ತಿ ಸ್ಪ್ಯಾನ್; ಕಂಟಿನ್ಯುಯಸ್ ಬೀಮಿಗೆ ಸ್ಪ್ಯಾನಿನ 0.7 ಪಾಲು ಎಂದು ಹಿಡಿಯಬಹುದು. ಸೂತ್ರದಲ್ಲಿ ಉದ್ದ ಏಕೆ ಬಂತು ಎಂಬುದಕ್ಕೂ ಶಿಯರ್ ಲ್ಯಾಗೇ ಉತ್ತರ: ಬೀಮ್ ಉದ್ದವಿದ್ದಷ್ಟೂ ಬಲ ಪಕ್ಕಕ್ಕೆ ಹರಡಲು ಹೆಚ್ಚು ಜಾಗ ಸಿಗುತ್ತದೆ.

ಸೂತ್ರ ಏನೇ ಹೇಳಲಿ, ಇಲ್ಲದ ಸ್ಲ್ಯಾಬನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ವೆಬ್ಬಿನ ಅಗಲಕ್ಕೆ, ಎರಡೂ ಬದಿಯ ಬೀಮುಗಳವರೆಗಿನ ತೆರಪಿನ ಅರ್ಧರ್ಧ ಸೇರಿಸಿದರೆ ಎಷ್ಟೋ ಅಷ್ಟೇ ಗರಿಷ್ಠ. ಬೀಮುಗಳು ಹತ್ತಿರ ಹತ್ತಿರ ಇರುವಲ್ಲಿ ಈ ಮಿತಿಯೇ ಆಳುತ್ತದೆ, ದೂರ ಇರುವಲ್ಲಿ ಸೂತ್ರ.

ಒಂದು ಬೀಮು, ಅಂಕಿಗಳೊಂದಿಗೆ

ಓದುವ ಕೋಣೆಯೊಂದರ ಮಹಡಿ ತೆಗೆದುಕೊಳ್ಳೋಣ. ಬೀಮಿನ ಪರಿಣಾಮಕಾರಿ ಸ್ಪ್ಯಾನ್ 7 ಮೀಟರ್, ಸರಳ ಆಧಾರ. ಬೀಮುಗಳ ಮಧ್ಯದಿಂದ ಮಧ್ಯಕ್ಕೆ 3 ಮೀಟರ್. ಸ್ಲ್ಯಾಬ್ 120 ಮಿ.ಮೀ., ವೆಬ್ 250 ಮಿ.ಮೀ., ಸ್ಲ್ಯಾಬ್ ಸೇರಿ ಒಟ್ಟು ಆಳ 550 ಮಿ.ಮೀ. ಕಂಬಿಯ ಮಧ್ಯದವರೆಗಿನ ಆಳ `d` ಸುಮಾರು 500 ಎಂದು ಹಿಡಿಯೋಣ.

ಸ್ಲ್ಯಾಬಿನ ಸ್ವಂತ ಭಾರ ಚದರ ಮೀಟರಿಗೆ 3, ನೆಲಹಾಸು 1, ಲೈವ್ ಲೋಡ್ 4, ಒಟ್ಟು 8 ಕಿಲೋನ್ಯೂಟನ್. ಮೂರು ಮೀಟರ್ ಪಟ್ಟಿಗೆ ಮೀಟರಿಗೆ 24. ಸ್ಲ್ಯಾಬಿನ ಕೆಳಗೆ ಇಳಿದಿರುವ 430 ಮಿ.ಮೀ. ವೆಬ್ಬಿನ ಭಾರ 2.7. ಇಲ್ಲಿ 550 ಹಾಕಿದರೆ ಸ್ಲ್ಯಾಬಿನ ದಪ್ಪ ಎರಡು ಸಲ ಎಣಿಸಿದಂತೆ. ದೊಡ್ಡ ನಷ್ಟವೇನಿಲ್ಲ, ಆದರೂ ಬಹಳ ಸಲ ಕಾಣುವ ತಪ್ಪು. ಒಟ್ಟು 26.7, ಅದನ್ನು 1.5ರಿಂದ ಗುಣಿಸಿದರೆ 40. ಮಧ್ಯದ ಮೊಮೆಂಟ್ 40 × 7² ÷ 8, ಅಂದರೆ 245 ಕಿಲೋನ್ಯೂಟನ್-ಮೀಟರ್.

ಈಗ ಅಗಲ. 7000/6 ಎಂದರೆ 1167, ವೆಬ್ 250, ಸ್ಲ್ಯಾಬಿನ ಆರು ಪಟ್ಟು 720. ಕೂಡಿದರೆ 2137. ತೆರಪಿನ ಮಿತಿ 250 + 2750, ಅಂದರೆ 3000. ಅದು ಅಡ್ಡ ಬರುವುದಿಲ್ಲ. `bf` 2130 ಮಿ.ಮೀ. ಎಂದು ಇಟ್ಟುಕೊಳ್ಳೋಣ.

ಮೊದಲು ಗಡಿಯ ಪರೀಕ್ಷೆ

ನ್ಯೂಟ್ರಲ್ ಆಕ್ಸಿಸಿನ ಆಳ `xu` ಇನ್ನೂ ಗೊತ್ತಿಲ್ಲ. ಅದನ್ನು ಹುಡುಕಲು ಹೊರಡುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಆಕ್ಸಿಸ್ ಸರಿಯಾಗಿ ಸ್ಲ್ಯಾಬಿನ ತಳದಲ್ಲೇ ನಿಂತಿದ್ದರೆ ಈ ಬೀಮ್ ಎಷ್ಟು ಮೊಮೆಂಟ್ ತಡೆಯುತ್ತಿತ್ತು?

```
M(xu = Df) = 0.36 fck bf Df (d - 0.42 Df)
           = 0.36 x 25 x 2130 x 120 x (500 - 50.4)
           = 1034 kN.m
```

ನಮಗೆ ಬೇಕಾದದ್ದು 245, ಗಡಿಯಲ್ಲಿ ಸಿಗುವುದು 1034. ಬೇಕಾದದ್ದು ಕಡಿಮೆ ಇದ್ದರೆ ಆಕ್ಸಿಸ್ ಫ್ಲ್ಯಾಂಜಿನೊಳಗೆ, ಹೆಚ್ಚಿದ್ದರೆ ವೆಬ್ಬಿನಲ್ಲಿ. ಇಲ್ಲಂತೂ ಅನುಮಾನಕ್ಕೆ ಎಡೆಯೇ ಇಲ್ಲ.

ಆಕ್ಸಿಸ್ ಫ್ಲ್ಯಾಂಜಿನೊಳಗಿದ್ದರೆ ಲೆಕ್ಕ ತೀರಾ ಸರಳ. ಆಕ್ಸಿಸಿನ ಕೆಳಗಿನ ಕಾಂಕ್ರೀಟ್ ಬಿರುಕು ಬಿಟ್ಟಿದೆ, ಬಾಗುವಿಕೆಯ ಲೆಕ್ಕಕ್ಕೆ ಅದು ಇಲ್ಲದ ಹಾಗೆ. ಅಲ್ಲಿ ವೆಬ್ ಕಿರಿದಾಗಿದೆಯೋ ಅಗಲವಾಗಿದೆಯೋ ಏನೂ ವ್ಯತ್ಯಾಸವಿಲ್ಲ. ಆದ್ದರಿಂದ 2130 ಮಿ.ಮೀ. ಅಗಲದ ಆಯತಾಕಾರದ ಬೀಮ್ ಎಂದೇ ತಿಳಿದು ಮುಂದುವರಿಯಬಹುದು:

```
245 x 10^6 = 0.36 x 25 x 2130 x xu (500 - 0.42 xu)
xu  = 26 mm
Ast = 245 x 10^6 / (0.87 x 500 x 489) = 1152 mm2
```

20 ಮಿ.ಮೀ.ನ ನಾಲ್ಕು ಕಂಬಿ 1257 ಚ.ಮಿ.ಮೀ. ಕೊಡುತ್ತವೆ. 30 ಮಿ.ಮೀ. ಕವರ್, 8 ಮಿ.ಮೀ. ರಿಂಗ್ ಕಳೆದರೆ ಒಳಗೆ 174 ಮಿ.ಮೀ. ಉಳಿಯುತ್ತದೆ. ನಾಲ್ಕು ಕಂಬಿಗೆ 80 ಹೋಗಿ, ಮೂರು ಸಂದಿಗೆ ತಲಾ 31. ಜಲ್ಲಿ 20 ಮಿ.ಮೀ. ಇದ್ದರೆ ಸಂದಿ 25 ಬೇಕು, ಹಾಗಾಗಿ ಒಂದೇ ಸಾಲಿನಲ್ಲಿ ಕೂರುತ್ತವೆ. ನಿಜವಾದ `d` 502, ನಾವು ಹಿಡಿದದ್ದಕ್ಕಿಂತ ಸ್ವಲ್ಪ ಹೆಚ್ಚೇ.

120 ಮಿ.ಮೀ. ಸ್ಲ್ಯಾಬಿನಲ್ಲಿ ಕಂಪ್ರೆಶನ್ ಇರುವುದು ಮೇಲಿನ 26 ಮಿ.ಮೀ.ಗೆ ಮಾತ್ರ, ಅಂದರೆ ದಪ್ಪದ ಕಾಲುಭಾಗವೂ ಅಲ್ಲ. ಸಾಮಾನ್ಯ ಕಟ್ಟಡದ ಮಹಡಿಯಲ್ಲಿ ಸ್ಪ್ಯಾನಿನ ಮಧ್ಯದಲ್ಲಿ ಹೆಚ್ಚುಕಡಿಮೆ ಯಾವಾಗಲೂ ಹೀಗೇ. ಇದೇ ಬೀಮನ್ನು ಫ್ಲ್ಯಾಂಜ್ ಮರೆತು 250 ಅಗಲದ ಆಯತ ಎಂದು ಲೆಕ್ಕ ಹಾಕಿದರೆ ಅದರ ಗರಿಷ್ಠ ಸಾಮರ್ಥ್ಯ 209 ಕಿಲೋನ್ಯೂಟನ್-ಮೀಟರ್ ಮಾತ್ರ. 245ಕ್ಕೆ ಸಾಲದೆ, ಮೇಲ್ಗಡೆಯೂ ಕಂಬಿ ಹಾಕಬೇಕು ಅಥವಾ ಆಳ ಹೆಚ್ಚಿಸಬೇಕು ಎಂದು ತೋರುತ್ತಿತ್ತು.

ಅಗಲ ತಪ್ಪಾದರೆ ಏನಾಗುತ್ತದೆ?

2130ರ ಬದಲು ಬರೀ 1500 ಹಿಡಿದೆವು ಎನ್ನಿ. `xu` 26ರಿಂದ 37ಕ್ಕೆ ಇಳಿಯುತ್ತದೆ. ಕಂಬಿ 1152ರ ಬದಲು 1163. ಅಗಲವನ್ನು ಶೇ. 30ರಷ್ಟು ಕಡಿಮೆ ಹಿಡಿದದ್ದಕ್ಕೆ ತೆತ್ತ ಬೆಲೆ 11 ಚ.ಮಿ.ಮೀ. ಕಂಬಿ, ಶೇ. 1. ಹಾಕುವ ಕಂಬಿ ಎರಡೂ ಸಲ ಅದೇ ನಾಲ್ಕು.

ಇದು ಅರ್ಥವಾದರೆ ಅಗಲದ ಸೂತ್ರದ ಬಗ್ಗೆ ಇರುವ ಆತಂಕ ಬಹುಪಾಲು ಹೋಗುತ್ತದೆ. ಕಂಬಿಯ ಪ್ರಮಾಣ ನಿರ್ಧರಿಸುವುದು ಲೀವರ್ ಆರ್ಮ್, ಅಂದರೆ ಕಂಪ್ರೆಶನ್ನಿನ ಕೇಂದ್ರದಿಂದ ಕಂಬಿಯವರೆಗಿನ ದೂರ. ಆಕ್ಸಿಸ್ 11 ಮಿ.ಮೀ. ಇಳಿದರೆ ಕಂಪ್ರೆಶನ್ನಿನ ಕೇಂದ್ರ 5 ಮಿ.ಮೀ. ಕೂಡ ಇಳಿಯುವುದಿಲ್ಲ; 489ರಲ್ಲಿ ಅದು ಲೆಕ್ಕಕ್ಕಿಲ್ಲ. ಒಂದು ದೇಶದ ಕೋಡ್ ಒಂದು ಅಗಲ ಹೇಳಿ ಇನ್ನೊಂದು ದೇಶದ್ದು ಬೇರೆ ಹೇಳಿದರೂ ಎರಡೂ ಕಡೆಯ ಬೀಮುಗಳಲ್ಲಿ ಕಂಬಿ ಹೆಚ್ಚುಕಡಿಮೆ ಒಂದೇ ಆಗಲು ಇದೇ ಕಾರಣ.

ಹಾಗೆಂದು ಮನಸ್ಸಿಗೆ ಬಂದಷ್ಟು ಹಿಡಿಯಬಹುದು ಎಂದಲ್ಲ. ಡಿಫ್ಲೆಕ್ಷನ್ ಲೆಕ್ಕದಲ್ಲಿ, ಫ್ರೇಮಿನ ವಿಶ್ಲೇಷಣೆಗೆ ಬೀಮಿನ ಬಿಗುವು ಕೊಡುವಾಗ, ಅಗಲ ನೇರವಾಗಿ ಒಳಗೆ ಬರುತ್ತದೆ. ಡಿಫ್ಲೆಕ್ಷನ್ನಿಗೆ ಐಎಸ್ 456ರಲ್ಲಿ ಸ್ಪ್ಯಾನ್ ಮತ್ತು ಆಳದ ಅನುಪಾತದ ಮೂಲ ಮಿತಿ 20 ಇದ್ದು, `bw/bf` 0.3 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದನ್ನು 0.8ರಿಂದ ಗುಣಿಸಬೇಕು, 16 ಆಗುತ್ತದೆ. ನಮ್ಮದು 7000/500, ಅಂದರೆ 14. ಕಂಬಿ ಕಡಿಮೆ ಇದ್ದುದಕ್ಕೆ ಸಿಗುವ ಗುಣಕ ಬಳಸುವ ಮೊದಲೇ ಪಾಸಾಗಿದೆ. ಶಿಯರಿನಲ್ಲಂತೂ ಫ್ಲ್ಯಾಂಜ್ ಬರುವುದೇ ಇಲ್ಲ: ಆಧಾರದ ಬಳಿಯ 140 ಕಿಲೋನ್ಯೂಟನ್ ಅನ್ನು 250 × 500ರಿಂದಲೇ ಭಾಗಿಸಬೇಕು. ಅಲ್ಲಿ ಮರೆತು `bf` ಹಾಕಿದವರಿಗೆ ರಿಂಗೇ ಬೇಡ ಎಂಬ ಉತ್ತರ ಬರುತ್ತದೆ. ಆ ಉತ್ತರ ಕಂಡರೆ ಮೊದಲು ಅಗಲ ಏನು ಹಾಕಿದ್ದೇವೆ ನೋಡಿ.

ಆಕ್ಸಿಸ್ ವೆಬ್ಬಿಗೆ ಇಳಿದಾಗ

ಇದು ಆಗುವುದು ಫ್ಲ್ಯಾಂಜ್ ಕಿರಿದಾಗಿ ಮೊಮೆಂಟ್ ದೊಡ್ಡದಾದಾಗ. ಅದೇ 250 × 550 ಬೀಮಿನ ಎರಡೂ ಪಕ್ಕ ಡಕ್ಟಿನ ಕಿಂಡಿಗಳು ಬಂದು, ವೆಬ್ ಸೇರಿ 600 ಮಿ.ಮೀ. ಅಗಲದ ಸ್ಲ್ಯಾಬ್ ಮಾತ್ರ ಉಳಿದಿದೆ, ಮೇಲೆ ಒಂದು ಬಿಂದು ಭಾರ ಕೂತು ಮೊಮೆಂಟ್ 350 ಕಿಲೋನ್ಯೂಟನ್-ಮೀಟರ್ ಆಗಿದೆ ಎಂದಿಟ್ಟುಕೊಳ್ಳಿ. ಇದು ಒಂಟಿ ಟಿ-ಬೀಮ್. ಅದಕ್ಕೆ ಬೇರೆ ಸೂತ್ರ, ಇದರಲ್ಲಿ `b` ಎಂದರೆ ಫ್ಲ್ಯಾಂಜಿನ ನಿಜವಾದ ಅಗಲ:

```
bf = lo / (lo/b + 4) + bw
   = 7000 / (7000/600 + 4) + 250 = 697 mm
```

ಇರುವುದೇ 600, ಹಾಗಾಗಿ 600. ಗಡಿಯ ಪರೀಕ್ಷೆ ಮತ್ತೆ ಮಾಡಿದರೆ 291 ಬರುತ್ತದೆ. 350 ಅದಕ್ಕಿಂತ ಹೆಚ್ಚು. ಆಕ್ಸಿಸ್ ಸ್ಲ್ಯಾಬಿನ ತಳ ದಾಟಿದೆ.

ಈಗ ಕಂಪ್ರೆಶನ್ ಎರಡು ತುಂಡಾಗಿ ಬರುತ್ತದೆ: ವೆಬ್ಬಿನ ಅಗಲದಲ್ಲಿ ಮೇಲಿನಿಂದ ಆಕ್ಸಿಸಿನವರೆಗೆ ಒಂದು, ವೆಬ್ಬಿನಿಂದ ಹೊರಚಾಚಿದ ಎರಡು ರೆಕ್ಕೆಗಳಲ್ಲಿ ಇನ್ನೊಂದು. ವೆಬ್ಬಿನದು ಮಾಮೂಲು. ರೆಕ್ಕೆಯದು ಸ್ವಲ್ಪ ತೊಡಕು, ಏಕೆಂದರೆ ಕಾಂಕ್ರೀಟಿನ ಸ್ಟ್ರೆಸ್ ಬ್ಲಾಕ್ ಪೂರ್ತಿ ಸಮನಾಗಿಲ್ಲ. ಮೇಲ್ತುದಿಯಲ್ಲಿ ಸ್ಟ್ರೇನ್ 0.0035, ಅದು 0.002ಕ್ಕೆ ಇಳಿಯುವವರೆಗೆ ಸ್ಟ್ರೆಸ್ ಏಕರೀತಿ, ಅಲ್ಲಿಂದ ಕೆಳಗೆ ಪ್ಯಾರಾಬೋಲ. ಏಕರೀತಿ ಭಾಗದ ಆಳ `xu`ನ ಏಳರಲ್ಲಿ ಮೂರು ಪಾಲು, ಅಂದರೆ 0.43. ಇಡೀ ಸ್ಲ್ಯಾಬ್ ಈ ಭಾಗದೊಳಗಿದ್ದರೆ ರೆಕ್ಕೆಯ ಪೂರ್ತಿ ದಪ್ಪಕ್ಕೂ 0.45 `fck` ಹಾಕಿ ಮುಗಿಸಬಹುದು. ಸ್ಲ್ಯಾಬ್ ಅದಕ್ಕಿಂತ ದಪ್ಪವಿದ್ದರೆ ಅದರ ಕೆಳಭಾಗ ಪ್ಯಾರಾಬೋಲದಲ್ಲಿ ಬಿದ್ದು ಪೂರ್ತಿ ಸ್ಟ್ರೆಸ್ ಕಾಣುವುದಿಲ್ಲ. ಆಗ ನಿಜವಾದ ದಪ್ಪದ ಬದಲು ಸಮಾನ ದಪ್ಪ `yf` ಬಳಸಬೇಕು:

```
yf = 0.15 xu + 0.65 Df   (Df ಮೀರಬಾರದು)
```

ಈ ಅಂಕಿಗಳು ಆಕಾಶದಿಂದ ಬಿದ್ದದ್ದಲ್ಲ. `xu` ಸ್ಲ್ಯಾಬಿನ ತಳದಲ್ಲೇ ಇದ್ದರೆ `yf` 0.8 `Df`. 0.45ನ್ನು 0.8ರಿಂದ ಗುಣಿಸಿ, 0.36 ಸಿಗುತ್ತದೆ, ಆಯತದ ಸೂತ್ರದ್ದೇ ಅಂಕಿ. `xu` ಸ್ಲ್ಯಾಬಿನ ದಪ್ಪದ 7/3 ಪಟ್ಟು, ಅಂದರೆ 2.33 `Df` ಆದಾಗ `yf` ಸರಿಯಾಗಿ `Df`. ಈ ಎರಡು ತುದಿಗಳನ್ನು ಸೇರಿಸುವ ನೇರ ಗೆರೆಯೇ ಸೂತ್ರ. ಕೋಡಿನಲ್ಲಿ `Df/d` 0.2 ಎಂಬ ಗಡಿ ಬರುವುದೂ ಇಲ್ಲಿಂದಲೇ: ಎಫ್ಇ-500ಕ್ಕೆ ಆಕ್ಸಿಸಿನ ಗರಿಷ್ಠ ಆಳ 0.46 `d`, ಅದರ 0.43 ಪಾಲು 0.198 `d`. ಸ್ಲ್ಯಾಬ್ ಇದಕ್ಕಿಂತ ದಪ್ಪವಿದ್ದರೆ ಗರಿಷ್ಠ ಆಳದಲ್ಲೂ ಅದರ ತಳಕ್ಕೆ ಪೂರ್ತಿ ಸ್ಟ್ರೆಸ್ ಸಿಗುವುದಿಲ್ಲ. ನಮ್ಮ 120/500 ಎಂದರೆ 0.24, ಹಾಗಾಗಿ `yf` ಬೇಕೇ ಬೇಕು.

ಈ ಸೂತ್ರವನ್ನು ಗಡಿಯ ಪರೀಕ್ಷೆ ಮಾಡದೆ ಬಳಸಿದರೆ ಎಡವಟ್ಟು. ಮೊದಲ ಬೀಮಿಗೆ `xu` 26 ಹಾಕಿ ನೋಡಿ: `yf` 82 ಬರುತ್ತದೆ. ಆಕ್ಸಿಸೇ 26ರಲ್ಲಿದ್ದು ಅದರ ಕೆಳಗೆ ಎಲ್ಲ ಟೆನ್ಷನ್ ಇರುವಾಗ 82 ಮಿ.ಮೀ. ಕಂಪ್ರೆಶನ್ ಎಲ್ಲಿಂದ? `yf` ಯಾವಾಗಲಾದರೂ `xu`ಗಿಂತ ದೊಡ್ಡದಾಗಿ ಬಂದರೆ ತಪ್ಪು ಸೂತ್ರದಲ್ಲಿದ್ದೇವೆ ಎಂದೇ ಅರ್ಥ.

ಎರಡನೆಯ ಬೀಮಿಗೆ ಸಮೀಕರಣ ಹೀಗೆ:

```
Mu = 0.36 fck bw xu (d - 0.42 xu)
   + 0.45 fck (bf - bw) yf (d - yf/2)
```

`xu` ಊಹಿಸಿ ಬಲಬದಿ 350ಕ್ಕೆ ಬರುವವರೆಗೆ ಸರಿಪಡಿಸುತ್ತ ಹೋಗುವುದೇ ಸುಲಭ. 170 ಹಾಕಿದರೆ 346.6, 175 ಹಾಕಿದರೆ 351.8. 173 ಸರಿ. ಆಗ ವೆಬ್ಬಿನ ಕಂಪ್ರೆಶನ್ 389, ರೆಕ್ಕೆಗಳದ್ದು 409 ಕಿಲೋನ್ಯೂಟನ್. ಒಟ್ಟನ್ನು 0.87 × 500ರಿಂದ ಭಾಗಿಸಿದರೆ 1836 ಚ.ಮಿ.ಮೀ. ಕಂಬಿ.

ಕಾಗದದ ಮೇಲೆ ಲೆಕ್ಕ ಮುಗಿಯಿತು, ಬೀಮಿನಲ್ಲಿ ಮುಗಿಯಲಿಲ್ಲ. 25 ಮಿ.ಮೀ.ನ ನಾಲ್ಕು ಕಂಬಿ 1963 ಕೊಡುತ್ತವೆ, ಆದರೆ 174 ಮಿ.ಮೀ. ಜಾಗದಲ್ಲಿ ಸಂದಿ 24.7 ಮಾತ್ರ, 25 ಬೇಕು. ಡ್ರಾಯಿಂಗಿನಲ್ಲಿ ಕೂರುವಂತೆ ಕಂಡರೂ ರಿಂಗಿನ ಮೂಲೆಯ ಬಾಗು, ಕಂಬಿಯ ಮೇಲಿನ ಏಣು ಸೇರಿ ಸೈಟಿನಲ್ಲಿ ಕೂರುವುದಿಲ್ಲ. ಆದ್ದರಿಂದ ಎರಡು ಸಾಲು: ಕೆಳಗೆ 25ರ ಮೂರು, ನಡುವೆ 25 ಮಿ.ಮೀ. ಕಂಬಿಯ ತುಂಡನ್ನು ಸ್ಪೇಸರ್ ಆಗಿ ಇಟ್ಟು, ಮೇಲೆ 20ರ ಎರಡು. ಒಟ್ಟು 2101. ಆದರೆ ಈಗ ಎಲ್ಲ ಕಂಬಿಗಳ ಕೇಂದ್ರ ಮೇಲೆ ಸರಿದು `d` 500ರಿಂದ 485ಕ್ಕೆ ಇಳಿಯಿತು. ಲೆಕ್ಕ ಮತ್ತೆ ಮಾಡಿದರೆ ಬೇಕಾದ ಕಂಬಿ 1920. ಹಾಕುವ 2101 ಅದಕ್ಕೆ ಸಾಕು.

ಇನ್ನೊಂದು ಪರೀಕ್ಷೆ ಬಾಕಿ ಇದೆ, ಇದನ್ನೇ ಜನ ಮರೆಯುವುದು. ನಿಜವಾಗಿ ಹಾಕಿದ 2101ಕ್ಕೆ ಆಕ್ಸಿಸ್ ಎಲ್ಲಿ ನಿಲ್ಲುತ್ತದೆ? ಕಂಬಿಯ ಬಲ 914 ಕಿಲೋನ್ಯೂಟನ್. ಅದಕ್ಕೆ ಸಮವಾಗುವ `xu` 214. ಗರಿಷ್ಠ ಮಿತಿ 0.46 × 485, ಅಂದರೆ 223. ಉಳಿದದ್ದು 9 ಮಿ.ಮೀ. ಮಿತಿ ದಾಟಿದರೆ ಕಂಬಿ ಯೀಲ್ಡ್ ಆಗಿ ಹಿಗ್ಗುವ ಮೊದಲೇ ಕಾಂಕ್ರೀಟ್ ಪುಡಿಯಾಗುತ್ತದೆ, ಬಿರುಕು ಅಗಲವಾಗಿ ಎಚ್ಚರಿಸುವ ಹಂತವೇ ಇರುವುದಿಲ್ಲ.

ಎರಡು ಬೀಮುಗಳ ಸ್ವಭಾವ ಎಷ್ಟು ಬೇರೆ ನೋಡಿ. ಮೊದಲನೆಯದಕ್ಕೆ ಇನ್ನೂ 100 ಚ.ಮಿ.ಮೀ. ಕಂಬಿ ಹಾಕಿದರೆ ಆಕ್ಸಿಸ್ 2.3 ಮಿ.ಮೀ. ಇಳಿಯುತ್ತದೆ. ಎರಡನೆಯದರಲ್ಲಿ 15 ಮಿ.ಮೀ. ಫ್ಲ್ಯಾಂಜಿನೊಳಗೆ ಆಕ್ಸಿಸ್ ಇದ್ದಾಗ "ಇರಲಿ, ಇನ್ನೊಂದು ಕಂಬಿ" ಎನ್ನುವುದು ನಿರಪಾಯ. ವೆಬ್ಬಿನಲ್ಲಿದ್ದಾಗ ಅದೇ ಔದಾರ್ಯ ಬೀಮನ್ನು ಮಿತಿಯಾಚೆಗೆ ತಳ್ಳುತ್ತದೆ. ಇಂಥ ಬೀಮಿಗೆ ನನ್ನ ಆಯ್ಕೆ ಕಂಬಿ ಹೆಚ್ಚಿಸುವುದಲ್ಲ, ಆಳವನ್ನು 600ಕ್ಕೆ ಏರಿಸುವುದು ಅಥವಾ ಒಂದು ಕಿಂಡಿಯನ್ನಾದರೂ ಸ್ಪ್ಯಾನಿನ ಮಧ್ಯದಿಂದ ಆಚೆ ಸರಿಸಲು ಕೇಳುವುದು.

ಆಧಾರದ ಮೇಲೆ ಫ್ಲ್ಯಾಂಜ್ ಇಲ್ಲ

ಮೊದಲ ಬೀಮಿಗೆ ಮರಳಿ, ಅದು ಸರಳ ಆಧಾರದ್ದಲ್ಲ, ಸಮಾನ ಸ್ಪ್ಯಾನುಗಳ ಕಂಟಿನ್ಯುಯಸ್ ಬೀಮ್ ಎಂದುಕೊಳ್ಳಿ. ಆಧಾರದ ಮೇಲೆ ಬಾಗು ತಲೆಕೆಳಗಾಗುತ್ತದೆ. ಟೆನ್ಷನ್ ಮೇಲೆ, ಕಂಪ್ರೆಶನ್ ಕೆಳಗೆ. ಅಗಲವಾದ ಸ್ಲ್ಯಾಬ್ ಬಿರುಕು ಬಿಟ್ಟ ಕಡೆ ಉಳಿಯುತ್ತದೆ, ಕಂಪ್ರೆಶನ್ ಹೊರಬೇಕಾದದ್ದು 250 ಮಿ.ಮೀ. ವೆಬ್. ಅಲ್ಲಿ ಬೀಮ್ ಬರೀ ಆಯತ.

ಐಎಸ್ 456ರ ಮೊಮೆಂಟ್ ಗುಣಾಂಕಗಳು ಮೂರು ಅಥವಾ ಹೆಚ್ಚು, ಹೆಚ್ಚುಕಡಿಮೆ ಸಮಾನ ಸ್ಪ್ಯಾನುಗಳಿಗೆ ಅನ್ವಯಿಸುತ್ತವೆ. ಅವುಗಳ ಪ್ರಕಾರ ಕೊನೆಯ ಸ್ಪ್ಯಾನಿನ ಮಧ್ಯದಲ್ಲಿ ಡೆಡ್ ಲೋಡಿಗೆ 1/12, ಲೈವ್ ಲೋಡಿಗೆ 1/10. ಅದರ ಒಳಗಿನ ಆಧಾರದಲ್ಲಿ 1/10 ಮತ್ತು 1/9. ನಮ್ಮ ಭಾರಕ್ಕೆ ಮಧ್ಯದಲ್ಲಿ 178, ಆಧಾರದಲ್ಲಿ 206 ಕಿಲೋನ್ಯೂಟನ್-ಮೀಟರ್. ಮಧ್ಯದಲ್ಲಿ `lo` 0.7ರಷ್ಟಾದ್ದರಿಂದ ಫ್ಲ್ಯಾಂಜ್ 1787ಕ್ಕೆ ಇಳಿದರೂ ಅದರ ಸಾಮರ್ಥ್ಯ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು. ಆಧಾರದಲ್ಲಾದರೋ ಆಯತದ ಮಿತಿ 209, ಬಂದ ಮೊಮೆಂಟ್ 206. ಕೂದಲೆಳೆಯಲ್ಲಿ ಪಾಸು, ಅದೂ ಮೇಲಿನ ಕಂಬಿಗಳು ಒಂದೇ ಸಾಲಿನಲ್ಲಿ ಕೂತು `d` 500 ಉಳಿದರೆ ಮಾತ್ರ.

ಅಂದರೆ ಕಂಟಿನ್ಯುಯಸ್ ಮಹಡಿಯಲ್ಲಿ ಬೀಮಿನ ಆಳ ನಿರ್ಧರಿಸಬೇಕಾದದ್ದು ಆಧಾರದಲ್ಲಿ, ಫ್ಲ್ಯಾಂಜಿನ ಸಹಾಯವಿಲ್ಲದ ಆಯತಕ್ಕೆ. ಮಧ್ಯದಿಂದ ಶುರು ಮಾಡಿದವರು ಟಿ-ಬೀಮ್ ಆದ್ದರಿಂದ 450 ಆಳ ಸಾಕು ಎಂಬ ತೀರ್ಮಾನಕ್ಕೆ ಬಂದು, ಆಧಾರದಲ್ಲಿ ಸಿಕ್ಕಿಬೀಳುತ್ತಾರೆ. ಮಧ್ಯದಿಂದ ಬರುವ ಕೆಳಗಿನ ಕಂಬಿಗಳಲ್ಲಿ ಎರಡನ್ನಾದರೂ ಆಧಾರದಾಚೆಗೆ ಸರಿಯಾದ ಉದ್ದಕ್ಕೆ ಒಯ್ದರೆ ಅವು ಅಲ್ಲಿ ಕಂಪ್ರೆಶನ್ ಕಂಬಿಯಾಗಿ ದುಡಿದು ಈ ಬಿಗಿಯನ್ನು ಸಡಿಲಿಸುತ್ತವೆ. ಮೇಲಿನ ಟೆನ್ಷನ್ ಕಂಬಿಗಳನ್ನು ಎಲ್ಲವನ್ನೂ 250ರೊಳಗೆ ತುರುಕಬೇಕಿಲ್ಲ; ಒಂದು ಪಾಲನ್ನು ವೆಬ್ಬಿನ ಪಕ್ಕದ ಸ್ಲ್ಯಾಬಿನಲ್ಲಿ ಹಾಯಿಸಿದರೆ ಕಾಂಕ್ರೀಟ್ ಇಳಿಯಲು, ವೈಬ್ರೇಟರ್ ಸೂಜಿ ಹೋಗಲು ದಾರಿ ಉಳಿಯುತ್ತದೆ, ಸ್ಲ್ಯಾಬಿನ ಮೇಲ್ಮೈ ಬಿರುಕೂ ಸಣ್ಣದಾಗುತ್ತದೆ.

ಕಂಡರೂ ಫ್ಲ್ಯಾಂಜ್ ಅಲ್ಲದ ಸ್ಲ್ಯಾಬುಗಳು

ಬೀಮ್ ಸ್ಲ್ಯಾಬಿನ ಮೇಲಕ್ಕೆ ಎದ್ದಿದ್ದರೆ, ಅಂದರೆ ತಲೆಕೆಳಗಾದ ಬೀಮ್ ಆದರೆ, ಸ್ಪ್ಯಾನಿನ ಮಧ್ಯದಲ್ಲಿ ಸ್ಲ್ಯಾಬ್ ಟೆನ್ಷನ್ ಬದಿಯಲ್ಲಿರುತ್ತದೆ. ಅಲ್ಲಿ ಮಧ್ಯಕ್ಕೇ ಆಯತದ ಲೆಕ್ಕ. ಬಚ್ಚಲಿಗಾಗಿ ಸ್ಲ್ಯಾಬನ್ನು ತಗ್ಗಿಸಿ ಬೀಮಿನ ಹೊಟ್ಟೆಯ ಮಟ್ಟಕ್ಕೆ ಕೂರಿಸಿದ್ದರೆ ಆ ಬದಿಯ ರೆಕ್ಕೆ ಹೋಯಿತೆಂದೇ ಲೆಕ್ಕ. ಮೊದಲ ಬೀಮಿನಲ್ಲಿ ಕಂಪ್ರೆಶನ್ ಮೇಲಿನ 26 ಮಿ.ಮೀ.ನಲ್ಲಿ ಮಾತ್ರ ಇತ್ತು ಎಂಬುದು ನೆನಪಿರಲಿ. ಅಂಥ ಬೀಮನ್ನು ಒಂದೇ ರೆಕ್ಕೆಯ ಎಲ್-ಬೀಮ್ ಎಂದು ತೆಗೆದುಕೊಳ್ಳಬೇಕು. ನಮ್ಮ ಅಳತೆಗಳಿಗೆ ಅಗಲ 583 + 250 + 360, ಅಂದರೆ 1193.

ವೆಬ್ಬಿಗೆ ಮೊದಲು ಕಾಂಕ್ರೀಟ್ ಹಾಕಿ, ಸ್ಲ್ಯಾಬಿಗೆ ಆಮೇಲೆ ಹಾಕುವ ಅಭ್ಯಾಸ ಇನ್ನೊಂದು. ಆ ಜೋಡಣೆಯ ಗೆರೆ ಸರಿಯಾಗಿ ಶಿಯರ್ ಹಾಯುವ ಜಾಗದಲ್ಲೇ ಬರುತ್ತದೆ. ಮೇಲ್ಮೈ ಒರಟು ಮಾಡಿ, ಮೇಲೆ ನಿಂತ ಸಿಮೆಂಟಿನ ಹಾಲು ತೆಗೆದು, ರಿಂಗುಗಳನ್ನು ಸ್ಲ್ಯಾಬಿನೊಳಗೆ ಪೂರ್ತಿ ಏರಿಸಿದ್ದರೆ ಒಂದೇ ಬೀಮಾಗಿ ದುಡಿಯುತ್ತದೆ. ರಿಂಗಿನ ತಲೆ ಸ್ಲ್ಯಾಬಿನ ತಳದಲ್ಲೇ ನಿಂತಿದ್ದರೆ ಸ್ಲ್ಯಾಬ್ ಬೀಮಿನ ಮೇಲೆ ಇಟ್ಟ ಹಲಗೆಯಷ್ಟೇ, ಆಗ ಮೇಲಿನ ಲೆಕ್ಕ ಯಾವುದೂ ಅನ್ವಯಿಸುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಣ್ತಪ್ಪುವುದು ಅಡ್ಡ ಕಂಬಿ. ನಮ್ಮ ಸ್ಲ್ಯಾಬ್ ಬೀಮಿನಿಂದ ಬೀಮಿಗೆ ಹಾಯುವುದರಿಂದ ಅದರ ಮುಖ್ಯ ಕಂಬಿಗಳು, ಬೀಮಿನ ಮೇಲಿನ ಎಕ್ಸ್‌ಟ್ರಾ ಕಂಬಿಗಳು ವೆಬ್ಬನ್ನು ಅಡ್ಡಡ್ಡ ದಾಟುತ್ತವೆ. ರೆಕ್ಕೆಯನ್ನು ವೆಬ್ಬಿಗೆ ಕಟ್ಟಿಹಾಕುವ ಕೆಲಸ ತಾನಾಗಿ ಆಗುತ್ತದೆ. ಈ ಬೀಮುಗಳನ್ನೇ ಹೊರುವ ಅಡ್ಡದ ದೊಡ್ಡ ಬೀಮಿನ ಕಥೆ ಬೇರೆ. ಅಲ್ಲಿ ಸ್ಲ್ಯಾಬಿನ ಮುಖ್ಯ ಕಂಬಿಗಳು ಆ ಬೀಮಿಗೆ ಸಮಾನಾಂತರ, ದಾಟಿ ಹೋಗುವುದು ಬರೀ ಹಂಚಿಕೆಯ ಕಂಬಿ, ಅದೂ ಸ್ಲ್ಯಾಬಿನ ಕೆಳಗೆ. ಆ ಬೀಮನ್ನು ಟಿ ಎಂದು ಲೆಕ್ಕ ಹಾಕಿದ್ದರೆ, ಸ್ಲ್ಯಾಬಿನ ಮಧ್ಯದ ಮುಖ್ಯ ಕಂಬಿಯ ಕನಿಷ್ಠ ಶೇ. 60ರಷ್ಟನ್ನು ಸ್ಲ್ಯಾಬಿನ ಮೇಲ್ಭಾಗದಲ್ಲಿ ಬೀಮಿಗೆ ಅಡ್ಡಲಾಗಿ ಕೊಡಬೇಕು ಎನ್ನುತ್ತದೆ ಐಎಸ್ 456. ಸ್ಲ್ಯಾಬಿನ ಮುಖ್ಯ ಕಂಬಿ 8 ಮಿ.ಮೀ. 150 ಅಂತರದಲ್ಲಿದ್ದರೆ ಮೀಟರಿಗೆ 335 ಚ.ಮಿ.ಮೀ.; ಅದರ ಶೇ. 60 ಎಂದರೆ 201, 8 ಮಿ.ಮೀ. ಕಂಬಿ 250 ಅಂತರದಲ್ಲಿ ಹಾಕಿದರೆ ಸರಿಹೋಗುತ್ತದೆ. ಇದು ಇಲ್ಲದ ಕಡೆ ಸ್ಲ್ಯಾಬಿನ ಮೇಲ್ಗಡೆ, ವೆಬ್ಬಿನ ಅಂಚಿಗೆ ಸರಿಯಾಗಿ, ಬೀಮಿನ ಉದ್ದಕ್ಕೂ ಒಂದು ಬಿರುಕು ಓಡುತ್ತದೆ. ನೆಲಹಾಸಿನಲ್ಲಿ ಅದೇ ಗೆರೆ ಕಾಣಿಸಿಕೊಂಡಾಗ ಹಾಸುಗಲ್ಲು ಕೂರಿಸಿದವರನ್ನು ಬೈಯುವ ಮೊದಲು ಸ್ಲ್ಯಾಬಿನ ಕಂಬಿಯ ಡ್ರಾಯಿಂಗ್ ತೆರೆದು, ಆ ಬೀಮಿನ ಮೇಲೆ ಅಡ್ಡ ಕಂಬಿ ತೋರಿಸಿದೆಯೇ ಎಂದು ನೋಡಬೇಕು.